ಒಲೆಯ ಬೆಂಕಿಗೆ ಪೆನ್ಸಿಲ್, ಸುರಿವ ಮಳೆಗೆ ಸೂತ್ರ

ಆರು ಸೆಕೆಂಡಿನ ಒಂದು ಶಾಟ್ ಎಂದಿಟ್ಟುಕೊಳ್ಳಿ. ಮಲೆನಾಡಿನ ಹೆಂಚಿನ ಮನೆ, ಆಷಾಢದ ಸಂಜೆ. ಬಚ್ಚಲೊಲೆಯ ಮುಂದೆ ಅಜ್ಜಿ ಕುಕ್ಕರಗಾಲಲ್ಲಿ ಕೂತು ಊದುಗೊಳವೆಯಲ್ಲಿ ಎರಡು ಸಲ ಊದುತ್ತಾಳೆ. ಹಸಿ ಸೌದೆ ಮೊದಲು ಹೊಗೆ ಕಾರಿ, ಆಮೇಲೆ ಹತ್ತಿಕೊಳ್ಳುತ್ತದೆ. ತೆರೆದ ಬಾಗಿಲಿನಾಚೆ ಅಂಗಳ, ಅಡಿಕೆ ಮರ, ಜಡಿಮಳೆ. ಸೂರಿನಿಂದ ನೀರು ಸಾಲಾಗಿ ಇಳಿಯುತ್ತಿದೆ. ಅಂಗಳದಾಚೆ ಅಡುಗೆಮನೆಯ ಮಾಡಿನ ಮೇಲೆ, ಹೆಂಚುಗಳ ಸಂದಿಯಿಂದ ಹೊಗೆ ಸೋರುತ್ತಿದೆ.

ಕ್ಯಾಮೆರಾ ಹಿಡಿದು ಇದನ್ನು ಚಿತ್ರೀಕರಿಸುವವರಿಗೆ ಬೆಂಕಿ, ಹೊಗೆ, ಮಳೆ ಮೂರೂ ತಾವಾಗಿಯೇ ಸಿಗುತ್ತವೆ. ಎರಡು ಆಯಾಮದ ಅನಿಮೇಷನ್ ಮಾಡುವವರಿಗೆ ಅಜ್ಜಿಗಿಂತ ಇವೇ ಹೆಚ್ಚು ಕಾಟ ಕೊಡುತ್ತವೆ. ಅಜ್ಜಿಗೆ ಮೂಳೆಯಿದೆ, ಕೀಲಿದೆ. ಒಂದು ಭಂಗಿಯಿಂದ ಇನ್ನೊಂದು ಭಂಗಿಗೆ ಹೋಗುವ ದಾರಿ ಕಲಾವಿದನಿಗೆ ಗೊತ್ತು. ಬೆಂಕಿಗೆ ಯಾವ ಭಂಗಿ? ಹೀಗಾಗಿಯೇ ದೊಡ್ಡ ಸ್ಟುಡಿಯೋಗಳಲ್ಲಿ ಈ ಕೆಲಸಕ್ಕೆ ‘ಎಫೆಕ್ಟ್ಸ್’ ಎಂಬ ಪ್ರತ್ಯೇಕ ವಿಭಾಗವೇ ಇತ್ತು. ಡಿಸ್ನಿಯವರ 1937ರ ‘ದಿ ಓಲ್ಡ್ ಮಿಲ್’ ಕಿರುಚಿತ್ರದಲ್ಲಿ ಪಾಳುಬಿದ್ದ ಗಾಳಿಗಿರಣಿಗೆ ಅಪ್ಪಳಿಸುವ ಬಿರುಗಾಳಿ ಮಳೆ, 1942ರ ‘ಬ್ಯಾಂಬಿ’ಯಲ್ಲಿ ಎಲೆಯ ಮೇಲೆ ಬೀಳುವ ಮೊದಲ ಹನಿಗಳು ಮತ್ತು ಕೊನೆಯ ಕಾಳ್ಗಿಚ್ಚು, ಎಲ್ಲವೂ ಆ ವಿಭಾಗದವರ ಕೆಲಸ.

ಇವತ್ತು ಈ ಕೆಲಸಕ್ಕೆ ಎರಡು ದಾರಿಗಳಿವೆ. ಒಂದು ಹಳೆಯದು, ಒಂದೊಂದೇ ಚಿತ್ರ ಬರೆಯುವುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು. ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿ, ಸೆಕೆಂಡಿಗೆ 12 ಚಿತ್ರಗಳಲ್ಲಿ ಕೆಲಸ ಮುಗಿಸುತ್ತಾರೆ. ಇದನ್ನು ‘ಆನ್ ಟೂಸ್’ ಅನ್ನುತ್ತಾರೆ. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬಂದರೆ ಅದು ‘ಆನ್ ಒನ್ಸ್’. ಎರಡನೆಯ ದಾರಿ ಪ್ರೊಸೀಜರಲ್. ಇದರಲ್ಲಿ ಚಿತ್ರ ಬರೆಯುವ ಬದಲು ನಿಯಮ ಬರೆಯುತ್ತೇವೆ. ಹನಿ ಎಲ್ಲಿ ಹುಟ್ಟಬೇಕು, ಎಷ್ಟು ವೇಗದಲ್ಲಿ ಬೀಳಬೇಕು, ಯಾವಾಗ ಸಾಯಬೇಕು ಎಂದು ಹೇಳಿದರೆ ಸಾವಿರ ಹನಿಗಳನ್ನು ಕಂಪ್ಯೂಟರ್ ಉದುರಿಸುತ್ತದೆ. ಹೀಗೆ ಹುಟ್ಟಿ ಸಾಯುವ ಕಣಗಳ ವ್ಯವಸ್ಥೆಗೆ ‘ಪಾರ್ಟಿಕಲ್ ಸಿಸ್ಟಮ್’ ಎಂದು ಹೆಸರು. ವಿಲಿಯಂ ರೀವ್ಸ್ 1983ರಲ್ಲಿ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ಅದಕ್ಕೂ ಮೊದಲೇ, 1982ರ ‘ಸ್ಟಾರ್ ಟ್ರೆಕ್’ ಸಿನಿಮಾದಲ್ಲಿ ಇಡೀ ಗ್ರಹವನ್ನು ಸುತ್ತುವರಿಯುವ ಬೆಂಕಿಯ ಗೋಡೆಯನ್ನು ಈ ವಿಧಾನದಲ್ಲೇ ಮಾಡಿದ್ದರು.

ಕೈಯಲ್ಲಿ ಬರೆದದ್ದು ಕಲೆ, ಕಂಪ್ಯೂಟರಿನದು ಸೋಮಾರಿತನ ಎಂದು ಕೆಲವರು ವಾದಿಸುತ್ತಾರೆ. ಕಂಪ್ಯೂಟರ್ ಇರುವಾಗ ಕೈ ನೋಯಿಸಿಕೊಳ್ಳುವುದೇಕೆ ಎಂದು ಇನ್ನು ಕೆಲವರು. ಎರಡೂ ವಾದ ನನಗೆ ಹಿಡಿಸಿಲ್ಲ. ಒಂದು ಶಾಟನ್ನು ಮುಂದಿಟ್ಟುಕೊಂಡು ಎರಡು ಪ್ರಶ್ನೆ ಕೇಳಿದರೆ ಸಾಕು. ನೋಡುವವರ ಕಣ್ಣು ಈ ಆಕಾರವನ್ನು ಬೆನ್ನುಹತ್ತಿ ಹೋಗುತ್ತದೆಯೇ? ಪಾತ್ರ ಏನಾದರೂ ಮಾಡಿದಾಗ ಇದು ಉತ್ತರಿಸಬೇಕೇ? ಎರಡಕ್ಕೂ ಹೌದು ಎಂದಾದರೆ ಪೆನ್ಸಿಲ್, ಎರಡಕ್ಕೂ ಇಲ್ಲ ಎಂದಾದರೆ ಸೂತ್ರ. ನಮ್ಮ ಅಜ್ಜಿಯ ಶಾಟಿನಲ್ಲಿ ಎರಡೂ ಬಗೆಯವು ಇವೆ, ನಡುವಿನವೂ ಇವೆ.

ಮೊದಲು ಒಲೆ. ಉರಿಯುವ ಬೆಂಕಿಯನ್ನು ಸ್ವಲ್ಪ ಹೊತ್ತು ನೋಡಿದರೆ ಅದರ ಗುಟ್ಟು ಅಂಚಿನಲ್ಲಿದೆ ಎಂದು ತಿಳಿಯುತ್ತದೆ. ಬಿಸಿ ಗಾಳಿ ಮೇಲಕ್ಕೆ ಓಡುತ್ತದೆ, ಅದರ ಜಾಗ ತುಂಬಲು ಪಕ್ಕದ ತಂಪು ಗಾಳಿ ಒಳಗೆ ನುಗ್ಗುತ್ತದೆ. ನುಗ್ಗಿದ ಕಡೆ ಜ್ವಾಲೆಯ ಅಂಚಿನಲ್ಲಿ ಒಂದು ತಗ್ಗು ಬೀಳುತ್ತದೆ. ಆ ತಗ್ಗು ಅಲ್ಲೇ ನಿಲ್ಲದೆ ಮೇಲಕ್ಕೆ ಸರಿಯುತ್ತ ಆಳವಾಗುತ್ತದೆ. ಎಡದ ತಗ್ಗು ಬಲದ ತಗ್ಗನ್ನು ಮುಟ್ಟಿದಲ್ಲಿ ಜ್ವಾಲೆಯ ಕುತ್ತಿಗೆ ಕತ್ತರಿಸಿ, ತುದಿ ಕಳಚಿಕೊಂಡು ಎರಡು ಮೂರು ಚಿತ್ರಗಳಲ್ಲಿ ಕರಗಿಹೋಗುತ್ತದೆ. ಅಷ್ಟರಲ್ಲಿ ಬುಡದಲ್ಲಿ ಹೊಸ ತಗ್ಗು ಹುಟ್ಟಿರುತ್ತದೆ. ಪಳಗಿದ ಕೈ ಮೊದಲು ಈ ತಗ್ಗುಗಳ ಜಾಗ ಗುರುತಿಸಿಕೊಂಡು, ಆಮೇಲೆ ಅವುಗಳ ಸುತ್ತ ಜ್ವಾಲೆಯ ಗೆರೆ ಎಳೆಯುತ್ತದೆ. ಹೊಸಬರು ಜ್ವಾಲೆಯ ತುದಿಯನ್ನು ಹಿಡಿದು ಎಡಕ್ಕೆ ಬಲಕ್ಕೆ ಆಡಿಸುತ್ತಾರೆ. ಬುಡ ನಿಂತಲ್ಲೇ ನಿಂತಿರುತ್ತದೆ, ತುದಿ ಮಾತ್ರ ಓಲಾಡುತ್ತದೆ. ಅದು ಬೆಂಕಿಯಾಗದೆ ಗಾಳಿಗೆ ಆಡುವ ಕೇಸರಿ ಬಟ್ಟೆಯಾಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಒಂದು ಚಿತ್ರದಲ್ಲಿ ಯಾವುದಾದರೂ ತಗ್ಗಿನ ಮೇಲೆ ಬೆರಳಿಟ್ಟು ಮುಂದಿನ ಚಿತ್ರಕ್ಕೆ ಹೋಗಿ. ಅದೇ ತಗ್ಗು ಸ್ವಲ್ಪ ಮೇಲೆ, ಸ್ವಲ್ಪ ಆಳವಾಗಿ ಸಿಗಬೇಕು. ಸಿಗದಿದ್ದರೆ ಆ ಬೆಂಕಿ ಸುಳ್ಳು.

ಇನ್ನು ವೇಗ. ಬೆಂಕಿ ಒಂದೇ ಸಮ ಉರಿಯುವುದಿಲ್ಲ, ಉಸಿರಾಡಿದಂತೆ ಉಬ್ಬಿ ಕುಗ್ಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದು ಬೆಂಕಿಯ ಅಗಲದ ಮೇಲೆ ನಿಂತಿದೆ. ಬೆಂಕಿಯ ಅಧ್ಯಯನ ಮಾಡುವ ವಿಜ್ಞಾನಿಗಳು ಇದಕ್ಕೊಂದು ಅಂದಾಜು ಸೂತ್ರ ಕಂಡುಕೊಂಡಿದ್ದಾರೆ. ಬೆಂಕಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದರ ವರ್ಗಮೂಲದಿಂದ 1.5 ಅನ್ನು ಭಾಗಿಸಬೇಕು. ಒಲೆಯ ಬಾಯಿ ಕಾಲು ಮೀಟರ್ ಅಗಲವಿದ್ದರೆ ಸೆಕೆಂಡಿಗೆ 3 ಸಲ. ಒಂದು ಮೀಟರ್ ಅಗಲದ ಬೆಂಕಿಗೆ ಒಂದೂವರೆ ಸಲ. ನಾಲ್ಕು ಮೀಟರ್ ಅಗಲ ಹೊತ್ತಿಕೊಂಡ ಹುಲ್ಲುಬಣವೆಗೆ ಮುಕ್ಕಾಲು ಸಲ, ಅಂದರೆ ಒಂದು ಉಬ್ಬಿಗೆ 32 ಫ್ರೇಮ್. ಕಾಳ್ಗಿಚ್ಚನ್ನು ಒಲೆಯ ವೇಗದಲ್ಲಿ ಬರೆದರೆ ಕಾಡು ಆಟಿಕೆಯಾಗಿ ಕಾಣುವುದು ಇದಕ್ಕೇ. ನೋಡುವವರಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಕಣ್ಣಿಗೆ ಗೊತ್ತು. ಎರಡು ಸೆಂಟಿಮೀಟರಿನ ದೀಪದ ಕುಡಿಗೆ ಇದೇ ಸೂತ್ರ ಹಾಕಿದರೆ ಸೆಕೆಂಡಿಗೆ ಹತ್ತು ಸಲ ದಾಟುತ್ತದೆ. ಸೆಕೆಂಡಿಗೆ 12 ಚಿತ್ರಗಳಲ್ಲಿ ಅದನ್ನು ಹಿಡಿಯಲು ಸಾಧ್ಯವೇ ಇಲ್ಲ. ದೇವರ ದೀಪವನ್ನು ಬರೆಯುವಾಗ ಆ ನಡುಕವನ್ನು ಬಿಟ್ಟು, ಗಾಳಿಗೆ ನಿಧಾನ ವಾಲುವುದನ್ನಷ್ಟೇ ಬರೆಯುವುದು ಜಾಣತನ.

ನಮ್ಮ ಒಲೆಗೆ ಬರೋಣ. ಸೆಕೆಂಡಿಗೆ 3 ಉಬ್ಬು ಎಂದರೆ ಒಂದು ಉಬ್ಬಿಗೆ 8 ಫ್ರೇಮ್, ಆನ್ ಟೂಸ್ ಲೆಕ್ಕದಲ್ಲಿ 4 ಚಿತ್ರ. ಎರಡು ಉಬ್ಬಿನ ಒಂದು ಲೂಪ್ ಮಾಡಿದರೆ 8 ಚಿತ್ರ, 16 ಫ್ರೇಮ್. ಆರು ಸೆಕೆಂಡಿನ 144 ಫ್ರೇಮಿನಲ್ಲಿ ಇದು ಒಂಬತ್ತು ಸಲ ಬಂದುಹೋಗುತ್ತದೆ. ಮೂರನೆಯ ಸಲಕ್ಕೇ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಚಿತ್ರಗಳನ್ನು ಕಲಸಿ ಹಿಂದುಮುಂದು ಮಾಡೋಣವೆಂದರೆ ತಗ್ಗುಗಳು ಮೇಲೇರುವ ಕ್ರಮ ಕೆಡುತ್ತದೆ. ಅದಕ್ಕೆ ಹಳಬರ ಉಪಾಯ ಇದು: ಹೊರಗಿನ ಕೇಸರಿ ಜ್ವಾಲೆಗೆ 8 ಚಿತ್ರಗಳ ಲೂಪ್, ಒಳಗಿನ ಹಳದಿ ಜ್ವಾಲೆಗೆ 7 ಚಿತ್ರಗಳದ್ದು. ಎರಡೂ ಒಟ್ಟಿಗೆ ಶುರುವಾದರೆ ಅದೇ ಜೋಡಿ ಮತ್ತೆ ಸೇರುವುದು 56 ಚಿತ್ರಗಳ ನಂತರ, ಸುಮಾರು ನಾಲ್ಕೂಮುಕ್ಕಾಲು ಸೆಕೆಂಡಿಗೆ. 15 ಚಿತ್ರ ಬರೆದು 56 ಚಿತ್ರಗಳ ಬೆಂಕಿ ಪಡೆದಂತಾಯಿತು.

ಇದೇ ಬೆಂಕಿಯನ್ನು ಸೂತ್ರದಿಂದ ಮಾಡಬಹುದೇ? ಮಾಡಬಹುದು. ಕೆನ್ ಪರ್ಲಿನ್ ಎಂಬುವರು 1980ರ ದಶಕದಲ್ಲಿ ರೂಪಿಸಿದ ‘ನಾಯ್ಸ್’ ಎಂಬ ಸಾಧನ ಈಗ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಇದೆ. ಅದು ಮೋಡ ಮೋಡವಾದ, ಎಲ್ಲೂ ಚೂಪಾಗಿ ಕತ್ತರಿಸದ ಬೂದು ಬಣ್ಣದ ಕಲೆಗಳನ್ನು ಕೊಡುತ್ತದೆ. ಆ ಕಲೆಗಳನ್ನು ಮೇಲ್ಮುಖವಾಗಿ ಸರಿಸಿ, ಮೇಲೆ ಹೋದಂತೆ ಕಪ್ಪಾಗಿಸಿ, ಬೂದಿನ ಮಟ್ಟವನ್ನು ಮೂರು ಭಾಗ ಮಾಡಿ ಹಳದಿ, ಕೇಸರಿ, ಕೆಂಪು ತುಂಬಿದರೆ ಬೆಂಕಿ ಎನ್ನಿಸುವಂಥದ್ದೇನೋ ತಯಾರು. ದೂರದ ಗುಡ್ಡದಲ್ಲಿ ಹತ್ತಿದ ಬೆಂಕಿಗೆ ಅಷ್ಟು ಸಾಕು. ಒಲೆಯ ಹತ್ತಿರಕ್ಕೆ ಬಂದಾಗ ಅದರ ಬಣ್ಣ ಬಯಲಾಗುತ್ತದೆ. ಎಲ್ಲ ಕಲೆಗಳೂ ಒಂದೇ ವೇಗದಲ್ಲಿ ಮೇಲೇರುತ್ತವೆ, ತಗ್ಗುಗಳು ಆಳವಾಗುವುದಿಲ್ಲ, ಸೌದೆಯನ್ನು ತಬ್ಬಿಕೊಂಡು ಹರಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅಜ್ಜಿ ಊದಿದ್ದು ಅದಕ್ಕೆ ಕೇಳಿಸುವುದಿಲ್ಲ.

ಊದಿದಾಗ ಆಗುವುದೇನು? ಗಾಳಿ ಕೆಂಡಕ್ಕೆ ತಾಗಿದ ಕೂಡಲೇ ಜ್ವಾಲೆ ಕೊಳವೆಯ ಎದುರು ದಿಕ್ಕಿಗೆ ಮಲಗುತ್ತದೆ, ಕ್ಷಣ ಕುಗ್ಗಿ ನೀಲಿಗಟ್ಟುತ್ತದೆ, ಕೆಂಡ ಬೆಳ್ಳಗೆ ಹೊಳೆಯುತ್ತದೆ. ಉಸಿರು ನಿಂತೊಡನೆ ಜ್ವಾಲೆ ಮೊದಲಿಗಿಂತ ಎತ್ತರಕ್ಕೆ ಎದ್ದು, ತುದಿಯನ್ನು ಒಮ್ಮೆಗೇ ಕಳಚಿ, ಮತ್ತೆ ತನ್ನ ಲಯಕ್ಕೆ ಇಳಿಯುತ್ತದೆ. ಇಷ್ಟಕ್ಕೆ ಹತ್ತು ಚಿತ್ರ ಬೇಕು. ಎರಡು ಸಲ ಊದಿದರೆ ಇಪ್ಪತ್ತು. ಎರಡನೆಯ ಊದಿಗೆ ಮೊದಲಿನದನ್ನೇ ಮರುಬಳಸುವ ಆಸೆ ಬರುತ್ತದೆ, ಬಳಸಬಾರದು. ಮೊದಲ ಊದಿಗೆ ಸೌದೆ ಇನ್ನೂ ಹಸಿ, ಎರಡನೆಯದಕ್ಕೆ ಹತ್ತಿಕೊಂಡಿದೆ. ಸೂತ್ರದ ಬೆಂಕಿಯಲ್ಲಿ ಇದನ್ನು ತರಲು ವೇಗ, ದಿಕ್ಕು, ಎತ್ತರ, ಬಣ್ಣ ಎಲ್ಲದರ ಸ್ಲೈಡರುಗಳನ್ನು ಫ್ರೇಮ್ ಫ್ರೇಮಿಗೆ ಹೊಂದಿಸುತ್ತ ಕೂರಬೇಕು. ಹತ್ತು ಚಿತ್ರ ಬರೆಯುವುದೇ ಬೇಗ. ಬೆಂಕಿಯೇ ಪಾತ್ರವಾದ ಉದಾಹರಣೆಯೂ ಇದೆ: ಸ್ಟುಡಿಯೋ ಗಿಬ್ಲಿಯ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ (2004) ಚಿತ್ರದ ಕ್ಯಾಲ್ಸಿಫರ್. ಅಲ್ಲಿ ಒಲೆಯ ಬೆಂಕಿ ಮುನಿಸಿಕೊಳ್ಳುತ್ತದೆ, ಮೊಟ್ಟೆಯ ಚಿಪ್ಪು ತಿನ್ನುತ್ತದೆ.

ಮಳೆಗೆ ಬಂದರೆ ಲೆಕ್ಕಾಚಾರ ತಲೆಕೆಳಗು. ಐದು ಮಿಲಿಮೀಟರಿನ ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಯ ತಡೆಯಿಂದಾಗಿ ಅದಕ್ಕಿಂತ ವೇಗ ಹೆಚ್ಚುವುದಿಲ್ಲ, ನಮ್ಮ ಕಣ್ಣಳತೆಯಲ್ಲಿ ಉದ್ದಕ್ಕೂ ಒಂದೇ ವೇಗ. ಒಂದು ಫ್ರೇಮಿನ ಅವಧಿಯಲ್ಲಿ ಅದು 37 ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಕ್ಯಾಮೆರಾದ ಶಟರ್ ಫ್ರೇಮಿನ ಅರ್ಧ ಕಾಲ ತೆರೆದಿರುತ್ತದೆ ಎಂದುಕೊಂಡರೆ ಹನಿ ಕಾಣುವುದು ಸುಮಾರು 19 ಸೆಂಟಿಮೀಟರಿನ ಗೆರೆಯಾಗಿ. ಪರದೆಯಲ್ಲಿ ಮೂರು ಮೀಟರ್ ಎತ್ತರದ ಜಾಗ ಕಾಣುತ್ತಿದ್ದರೆ ಎಂಟು ಫ್ರೇಮಿನೊಳಗೆ, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ, ಹನಿ ಬಂದು ಹೋಗಿಯೇ ಬಿಟ್ಟಿತು. ಅಕ್ಕಪಕ್ಕ ನೂರಾರು ಗೆರೆಗಳು. ಯಾವ ಕಣ್ಣೂ ಒಂದು ಹನಿಯನ್ನು ಹಿಂಬಾಲಿಸುವುದಿಲ್ಲ. ಹಿಂಬಾಲಿಸದ ಮೇಲೆ ಪ್ರತಿ ಹನಿಯನ್ನೂ ಕೈಯಲ್ಲಿ ಬರೆಯುವುದು ಯಾರಿಗಾಗಿ?

ಹೀಗಾಗಿ ಮಳೆ ಸೂತ್ರಕ್ಕೆ ಸೇರಿದ್ದು. ಆದರೆ ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿ ಸಿಗುವ ಮಳೆಯನ್ನು ಹಾಗೆಯೇ ಚಿತ್ರದ ಮೇಲೆ ಹೊದಿಸಿದರೆ ಅದು ಗಾಜಿನ ಮೇಲಿನ ಗೀರಿನಂತೆ ಕಾಣುತ್ತದೆ. ಆಳ ಬರಬೇಕಾದರೆ ಕನಿಷ್ಠ ಮೂರು ಲೇಯರ್ ಬೇಕು, ಮೂರಕ್ಕೂ ವೇಗ ಬೇರೆ. ಇದನ್ನೂ ಅಂದಾಜಿನಲ್ಲಿ ಬಿಡಬೇಕಿಲ್ಲ. 1080 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಬಾಗಿಲ ಬಳಿಯ ಮೂರು ಮೀಟರ್ ಎತ್ತರ ಹಿಡಿಸಿದರೆ ಅಲ್ಲಿನ ಹನಿ ಫ್ರೇಮಿಗೆ 135 ಪಿಕ್ಸೆಲ್ ಇಳಿಯಬೇಕು. ಹದಿನೈದು ಮೀಟರ್ ಎತ್ತರ ಕಾಣುವ ಅಡಿಕೆ ಮರಗಳ ಬಳಿ ಅದೇ ಹನಿ 27 ಪಿಕ್ಸೆಲ್. ಗೆರೆಯ ಉದ್ದ ಎರಡು ಕಡೆಯೂ ಇದರ ಅರ್ಧ. ಹತ್ತಿರ ಕೆಲವೇ ಉದ್ದ ಗೆರೆಗಳು, ದೂರದಲ್ಲಿ ಒತ್ತೊತ್ತಾದ ಗಿಡ್ಡ ಮಸುಕು ಗೆರೆಗಳು. ನಿರ್ದೇಶಕ ಬಂದು, ಗಾಳಿ ಪಡುವಣದಿಂದ ಬೀಸಲಿ ಎಂದರೆ ಒಂದು ಕೋನ ಬದಲಿಸಿದರೆ ಆಯಿತು. ಕೈಯಲ್ಲಿ ಬರೆದಿದ್ದರೆ ಅವತ್ತು ಮಾತುಕತೆ ಬೇರೆಯದೇ ಧಾಟಿಯಲ್ಲಿ ನಡೆಯುತ್ತಿತ್ತು.

ಆದರೆ ಸೂರಿನ ನೀರು ಮಳೆಯಲ್ಲ. ಅದು ಹೆಂಚಿನ ಒಂದೊಂದು ತೋಡಿನಿಂದ, ಗೊತ್ತಾದ ಜಾಗದಲ್ಲಿ, ನಿಂತಲ್ಲಿಂದ ಹೊರಡುವ ಹನಿ. ಕಣ್ಣು ಅದನ್ನು ಹಿಂಬಾಲಿಸುತ್ತದೆ. ಎರಡೂವರೆ ಮೀಟರ್ ಎತ್ತರದ ಸೂರಿನಿಂದ ನೆಲಕ್ಕೆ ಬೀಳಲು 17 ಫ್ರೇಮ್ ಬೇಕು. ಮೊದಲ ನಾಲ್ಕು ಫ್ರೇಮಿನಲ್ಲಿ ಅದು ಇಳಿಯುವುದು 14 ಸೆಂಟಿಮೀಟರ್ ಮಾತ್ರ. ಎಂಟನೆಯ ಫ್ರೇಮಿಗೆ 54, ಹನ್ನೆರಡನೆಯದಕ್ಕೆ 122, ಹದಿನಾರನೆಯದಕ್ಕೆ 218. ಮೇಲೆ ಗುಂಡಗಿನ ಹನಿ, ಕೆಳಗೆ ಬರುತ್ತ ಗೆರೆ. ಬಹಳಷ್ಟು ಕಿರುಚಿತ್ರಗಳಲ್ಲಿ ಸೂರಿನ ಹನಿಯೂ ಆಕಾಶದ ಹನಿಯಂತೆ ಒಂದೇ ವೇಗದಲ್ಲಿ ಇಳಿಯುತ್ತದೆ. ಏನೋ ತಪ್ಪಿದೆ ಎನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಇಲ್ಲಿ ಎರಡೂ ವಿಧಾನ ಕೈಜೋಡಿಸಬಹುದು. ಒಂದು ಹನಿಯ 17 ಚಿತ್ರಗಳನ್ನು ಕೈಯಲ್ಲಿ ಬರೆದು, ಪ್ರತಿ ತೋಡಿನ ಕೆಳಗೂ ಅದನ್ನೇ ಇಟ್ಟು, ಶುರುವಾಗುವ ಫ್ರೇಮನ್ನು ಮಾತ್ರ ಕಂಪ್ಯೂಟರ್ ಹಿಂದುಮುಂದು ಮಾಡಲಿ. ನೆಲದಲ್ಲಿ ಚಿಮ್ಮುವ ನೀರಿಗೆ ಐದೈದು ಚಿತ್ರಗಳ ಮೂರು ಬಗೆ ಬರೆದಿಟ್ಟರೆ ಅಂಗಳವೆಲ್ಲ ತುಂಬುತ್ತದೆ. ಚಿಮ್ಮುವುದನ್ನು ಮರೆತರೆ ಮಳೆ ಯಾವುದಕ್ಕೂ ತಾಗದೆ ಗಾಳಿಯಲ್ಲೇ ಮುಗಿದುಹೋಗುತ್ತದೆ.

ಹೊಗೆ ಇವೆರಡರ ನಡುವಿನದು, ಮೂರರಲ್ಲಿ ಹೆಚ್ಚು ಹಟಮಾರಿ ಅದೇ. ಬೆಂಕಿಗೆ ವೇಗವಿರುವುದರಿಂದ ಒಂದೆರಡು ಚಿತ್ರ ಕೆಟ್ಟರೂ ದಾಟಿಹೋಗುತ್ತದೆ. ಹೊಗೆ ನಿಧಾನ. ಗೆರೆ ಕೂದಲೆಳೆಯಷ್ಟು ಕದಲಿದರೂ ಅಂಚು ಕುದಿಯುವಂತೆ ಕಾಣುತ್ತದೆ. ಮಾಡಿನ ಸಂದಿಗಳಿಂದ ಸೋರುವ ಹೊಗೆಗೆ ಒಂದು ಬಾಯಿ ಇಲ್ಲ, ಅಂಚೂ ಇಲ್ಲ. ಅದನ್ನು ಮೃದುವಾದ ನಾಯ್ಸಿಗೆ ಒಪ್ಪಿಸಬಹುದು, ಒಂದು ಎಚ್ಚರದೊಂದಿಗೆ. ಹೊಗೆ ಹುಟ್ಟಿದ ಕಡೆ ಬೇಗ ಏರುತ್ತದೆ, ಮೇಲೆ ಹೋದಂತೆ ನಿಧಾನವಾಗಿ ಅಗಲಗೊಳ್ಳುತ್ತದೆ. ನಾಯ್ಸ್ ಇಡೀ ಚಿತ್ರದಲ್ಲಿ ಒಂದೇ ವೇಗದಲ್ಲಿ ಸರಿದರೆ, ಹೊಗೆಯ ಆಕಾರದ ಕಿಟಕಿಯ ಹಿಂದೆ ಯಾರೋ ಪರದೆ ಎಳೆಯುತ್ತಿರುವಂತಾಗುತ್ತದೆ. ಕೆಳಗೆ ಕಲೆಗಳು ಚಿಕ್ಕದಾಗಿ ಚುರುಕಾಗಿ, ಮೇಲೆ ದೊಡ್ಡದಾಗಿ ಮಂದವಾಗಿ ಇರುವಂತೆ ಎರಡು ಮೂರು ಪದರ ಬೆರೆಸಿದರೆ ಈ ದೋಷ ಮುಚ್ಚಿಹೋಗುತ್ತದೆ.

ಅಜ್ಜಿಯ ಮೊದಲ ಊದಿಗೆ ಒಲೆಯ ಬಾಯಿಂದ ಎದ್ದುಬರುವ ದಟ್ಟ ಹೊಗೆ ಬೇರೆಯೇ. ಅದಕ್ಕೆ ಮುಖವಿದೆ. ನಡುಭಾಗ ಮುಂದೆ ನುಗ್ಗುತ್ತದೆ, ಅಂಚುಗಳು ಹಿಂದಕ್ಕೆ ಸುರುಳಿ ಸುತ್ತುತ್ತವೆ, ಸುರುಳಿಯ ಒಳಗೆ ಇನ್ನೊಂದು ಚಿಕ್ಕ ಸುರುಳಿ ಹುಟ್ಟುತ್ತದೆ. ಅಜ್ಜಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಈ ಹೊಗೆ ತಾಗಿದ್ದಕ್ಕೇ, ಆದ್ದರಿಂದ ಯಾವ ಫ್ರೇಮಿನಲ್ಲಿ ಅದು ಕೆನ್ನೆ ಮುಟ್ಟುತ್ತದೆ ಎಂಬುದು ನಮ್ಮ ಕೈಯಲ್ಲಿರಬೇಕು. 24 ಚಿತ್ರಗಳಲ್ಲಿ, ಎರಡು ಸೆಕೆಂಡಿನ ಹೊಗೆ ಬರೆಯೋಣ. ಕೊನೆಗೆ ಅದು ಮಾಯವಾಗುವ ಬಗೆಯಲ್ಲೂ ಒಂದು ಪಾಠವಿದೆ. ಇಡೀ ಆಕಾರವನ್ನು ಒಟ್ಟಿಗೆ ಮಸುಕು ಮಾಡಿದರೆ ಭೂತ ಮಾಯವಾದಂತಾಗುತ್ತದೆ. ನಡುವೆ ತೂತುಗಳು ಬಿದ್ದು, ತೂತು ಹಿಗ್ಗಿ, ಉಳಿದ ಎಳೆಗಳು ಹರಿದು ಹೋದರೆ ಹೊಗೆ ಗಾಳಿಗೆ ಸೇರಿತು ಎನ್ನಿಸುತ್ತದೆ.

ಈಗ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಕೂಡಿಸಬೇಕು. ತೊಡಕು ಹೆಚ್ಚಾಗಿ ಎದುರಾಗುವುದು ಇಲ್ಲೇ. ಅಜ್ಜಿ, ಬೆಂಕಿ ಸೆಕೆಂಡಿಗೆ 12 ಚಿತ್ರಗಳಲ್ಲಿ ನಡೆಯುತ್ತಿದ್ದಾರೆ. ಕಂಪ್ಯೂಟರ್ ಮಾತ್ರ ಪ್ರತಿ ಫ್ರೇಮಿಗೂ ಹೊಸತನ್ನು ಕೊಡುತ್ತದೆ. ಒಲೆಯ ಬೆಳಕು ಗೋಡೆಯ ಮೇಲೆ ನುಣ್ಣಗೆ 24ರಲ್ಲಿ ಮಿನುಗಿದರೆ ಅದು ಬೇರೆ ಸಿನಿಮಾದಿಂದ ತಂದು ಅಂಟಿಸಿದಂತೆ ಕಾಣುತ್ತದೆ. ಆಫ್ಟರ್ ಎಫೆಕ್ಟ್ಸ್ ಬಳಸುವವರು ಆ ಬೆಳಕಿನ ಲೇಯರಿನ ಒಪ್ಯಾಸಿಟಿಗೆ ಎರಡು ಸಾಲು ಬರೆದರೆ ಸಾಕು.

```
posterizeTime(12);
wiggle(3, 12);
```

ಮೊದಲ ಸಾಲು ಲೆಕ್ಕವನ್ನು ಸೆಕೆಂಡಿಗೆ 12 ಸಲಕ್ಕೆ ಕಟ್ಟಿಹಾಕುತ್ತದೆ. ಎರಡನೆಯದು ಬೆಳಕನ್ನು ಸೆಕೆಂಡಿಗೆ ಸುಮಾರು 3 ಸಲ, ಹನ್ನೆರಡು ಅಂಶದಷ್ಟು ಮೇಲೆ ಕೆಳಗೆ ಆಡಿಸುತ್ತದೆ. ಆ 3 ಎಲ್ಲಿಂದ ಬಂತೆಂದು ಮೇಲೆ ನೋಡಿದ್ದೇವೆ. ಒಲೆ ಎಷ್ಟು ಸಲ ಉಸಿರಾಡುತ್ತದೋ ಗೋಡೆಯೂ ಅಷ್ಟೇ ಸಲ ಬೆಳಗಬೇಕು. ಊದಿದ ಕ್ಷಣದಲ್ಲಿ ಮಾತ್ರ ಈ ಸೂತ್ರವನ್ನು ನಿಲ್ಲಿಸಿ, ಬೆಳಕನ್ನು ಕೈಯಾರೆ ಇಳಿಸಿ ಏರಿಸಬೇಕು.

ಮಳೆಗೆ ಈ ಕಟ್ಟು ಬೇಡ. ಗೆರೆಗಳನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸುರಿಯುವುದು ಬಿಟ್ಟು ತೊದಲುತ್ತದೆ, ಕ್ಯಾಮೆರಾ ಸರಿಯುವ ಶಾಟಿನಲ್ಲಂತೂ ಇನ್ನೂ ಎದ್ದು ಕಾಣುತ್ತದೆ. ಬೆಂಕಿ ಆನ್ ಟೂಸ್, ಮಳೆ ಆನ್ ಒನ್ಸ್ ಇದ್ದರೆ ಹೊಂದುವುದಿಲ್ಲವೇ ಎಂಬ ಅನುಮಾನ ಸಹಜ. ಹೊಂದುತ್ತದೆ. ಮಳೆಯ ಒಂದು ಗೆರೆಯನ್ನು ಯಾರೂ ಹಿಂಬಾಲಿಸದ ಕಾರಣ ಅದರ ಲಯವನ್ನು ಅಜ್ಜಿಯ ಲಯದೊಂದಿಗೆ ಹೋಲಿಸಿ ನೋಡುವ ಗೋಜಿಗೆ ಕಣ್ಣು ಹೋಗುವುದಿಲ್ಲ. ಗೆರೆಯ ಬಣ್ಣ ಮಾತ್ರ ಚಿತ್ರದ ಬಣ್ಣಪಟ್ಟಿಯಿಂದಲೇ ಬರಬೇಕು. ಅಪ್ಪಟ ಬಿಳಿ ಹಾಕಿದರೆ ಮಳೆ ಮುಂದೆ ಬಂದು ನಿಲ್ಲುತ್ತದೆ.

ಒಟ್ಟು ಎಷ್ಟಾಯಿತು? ಒಲೆಗೆ 35 ಚಿತ್ರ, ಎದುರಿನ ಹೊಗೆಗೆ 24, ಸೂರಿನ ಹನಿಗೆ 17, ಚಿಮ್ಮುವ ನೀರಿಗೆ 15. ಅಜ್ಜಿಯನ್ನು ಬಿಟ್ಟು 91. ಮಾಡಿನ ಹೊಗೆಯನ್ನೂ ಕೈಯಲ್ಲಿ, ನಡುಕವಿಲ್ಲದಂತೆ ಆನ್ ಒನ್ಸ್ ಬರೆದರೆ ಅದೊಂದಕ್ಕೇ 144 ಬೇಕಾಗುತ್ತಿತ್ತು, ಮಳೆಯ ಲೆಕ್ಕ ಇನ್ನೂ ಬೇರೆ. ಹಾಗೆಂದು ಸೂತ್ರ ಪುಕ್ಕಟೆಯಲ್ಲ. ಮಳೆಯ ಮೂರು ಲೇಯರ್‌ಗಳನ್ನು ಹದಕ್ಕೆ ತರುವುದರಲ್ಲಿ ಒಂದು ದಿನ ಸರಾಗವಾಗಿ ಕಳೆದುಹೋಗುತ್ತದೆ. ಕಿರುಚಿತ್ರದಲ್ಲಿ ಮಳೆಯ ಶಾಟ್ ಒಂದೇ ಇದ್ದರೆ ಕೈಯಲ್ಲಿ ಹತ್ತು ಹನ್ನೆರಡು ಹಾಳೆ ಗೀರಿ, ಕ್ರಮ ಕಲಸಿ ತೋರಿಸುವುದೇ ಅಗ್ಗ. ಬೆಂಕಿಯ ಚಿತ್ರಗಳನ್ನು ಕಲಸುವಂತಿಲ್ಲ, ಮಳೆಯದನ್ನು ಕಲಸಬಹುದು. ಕಥೆ ಪೂರ್ತಿ ಮಳೆಗಾಲದಲ್ಲೇ ನಡೆಯುವುದಾದರೆ ಮೊದಲ ದಿನ ಕೂಡಿಸಿದ ಸೂತ್ರ ಕೊನೆಯ ಶಾಟಿನವರೆಗೂ ದುಡಿಯುತ್ತದೆ.

ಇಷ್ಟೆಲ್ಲ ಆದಮೇಲೆ ಚಿತ್ರವನ್ನು ಯಾವುದಾದರೂ ವಿಡಿಯೊ ತಾಣಕ್ಕೆ ಏರಿಸಿ ಫೋನಿನಲ್ಲಿ ನೋಡಿದಾಗ ಇನ್ನೊಂದು ಪೆಟ್ಟು ಕಾದಿರುತ್ತದೆ. ವಿಡಿಯೊವನ್ನು ಕುಗ್ಗಿಸುವ ತಂತ್ರ, ಹಿಂದಿನ ಫ್ರೇಮಿಗೂ ಈಗಿನದಕ್ಕೂ ಏನು ಬದಲಾಯಿತು ಎಂಬುದನ್ನಷ್ಟೇ ಉಳಿಸಿಕೊಳ್ಳುತ್ತದೆ. ಚಪ್ಪಟೆ ಬಣ್ಣದ, ಎರಡು ಫ್ರೇಮ್ ನಿಲ್ಲುವ ಒಲೆಯ ಬೆಂಕಿ ಅದಕ್ಕೆ ಸಲೀಸು. ಪ್ರತಿ ಫ್ರೇಮಿನಲ್ಲೂ ಎಲ್ಲೆಲ್ಲೂ ಬದಲಾಗುವ ಸಾವಿರ ಸಣ್ಣ ಗೆರೆಗಳು ಅದಕ್ಕೆ ನುಂಗಲಾರದ ತುತ್ತು. ಅಡಿಕೆ ಮರಗಳ ಬಳಿಯ ಮಳೆ ಚೌಕ ಚೌಕವಾಗಿ ಒಡೆದು, ಪಕ್ಕದ ಗೋಡೆಯನ್ನೂ ಕಲೆಗೆಡಿಸುತ್ತದೆ. ಅದಕ್ಕೆ ಪರಿಹಾರ ಕೈಯಲ್ಲೂ ಇಲ್ಲ, ಸೂತ್ರದಲ್ಲೂ ಇಲ್ಲ. ಅತಿ ದೂರದ ಲೇಯರನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಕದಲದ ಮಸುಕು ಬೂದು ಬಣ್ಣವೊಂದನ್ನು ಬಳಿದು, ಹತ್ತಿರದ ಗೆರೆಗಳನ್ನು ಇನ್ನಷ್ಟು ಕಡಿಮೆ ಮಾಡಿ, ತುಸು ದಪ್ಪ ಮಾಡಬೇಕು.